ಗುಲಾಬಿ ಮನೆಗೆ ಹದಿನಾರು ಅಂಕ

ಫೆಬ್ರವರಿ ಹನ್ನೊಂದು, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸ್ಟೇಷನರಿ ಅಂಗಡಿಯೊಂದರ ಮೇಲಿನ ಕೋಣೆ. ಆರನೆಯ ಸುತ್ತು, ಕಿಟಕಿ ಪಕ್ಕದ ಮೇಜು. ಡೈರಿಯಲ್ಲಿ ಇಷ್ಟು ಬರೆದು ಪೆನ್ನಿನ ಮುಚ್ಚಳ ಹಾಕಿದೆ. ಎದುರು ಕೂತಿದ್ದವರು ಇದೇ ಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವವರು. ಐದು ಸುತ್ತು ಮುಗಿದಾಗ ಅವರದೂ ನಾಲ್ಕು ಗೆಲುವು, ನನ್ನದೂ ನಾಲ್ಕು. ಉಳಿದ ಆರು ಮಂದಿಯಲ್ಲಿ ಮೂರು ದಾಟಿದವರು ಯಾರೂ ಇರಲಿಲ್ಲ. ಈ ಆಟ ಗೆದ್ದವರು ಮಾರ್ಚ್‌ನಲ್ಲಿ ಮೈಸೂರಿನ ರಾಜ್ಯ ಮಟ್ಟದ ಸ್ಕ್ರ್ಯಾಬಲ್ ಸ್ಪರ್ಧೆಗೆ ಹೋಗುತ್ತಾರೆ. ನಮ್ಮ ಕ್ಲಬ್ಬಿಗೆ ಇರುವುದು ಒಂದೇ ಸೀಟು. ಹಿಂದಿನ ವರ್ಷ ಅದು ನನ್ನ ಕೈಗೆ ಬಂದು ಜಾರಿತ್ತು. ಜಾರಿಸಿಕೊಂಡದ್ದು ಇದೇ ಎದುರಾಳಿಗೆ.

"ಏನ್ ಮಾರಾಯ್ತಿ, ಇವತ್ತೂ ಗೋಡೆ ಕಟ್ಟೋಕೆ ಬಂದಿದೀಯೋ, ಆಟ ಆಡೋಕೆ ಬಂದಿದೀಯೋ?" ಎಂದರು.

"ಇಟ್ಟಿಗೆ ಎಷ್ಟು ಸಿಗುತ್ತೆ ನೋಡಿ ಹೇಳ್ತೀನಿ ಅಣ್ಣ" ಎಂದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹದಿನೈದು ಸಾಲು, ಹದಿನೈದು ಕಂಬಗಳ ಹಾಸು. ಚೀಲದಲ್ಲಿ ನೂರು ಬಿಲ್ಲೆ. ತೊಂಬತ್ತೆಂಟರ ಮೇಲೆ ಇಂಗ್ಲಿಷ್ ಅಕ್ಷರ ಮತ್ತು ಅದರ ಬೆಲೆ ಇರುತ್ತದೆ, ಎರಡು ಖಾಲಿ, ಅವು ಯಾವ ಅಕ್ಷರವಾಗಿಯೂ ನಡೆಯುತ್ತವೆ, ಬೆಲೆ ಸೊನ್ನೆ. ಕೈಯಲ್ಲಿ ಏಳು ಬಿಲ್ಲೆ ಇಟ್ಟುಕೊಂಡು, ಹಾಸಿನ ಮೇಲೆ ಆಗಲೇ ಇರುವ ಪದಗಳಿಗೆ ತಾಗುವಂತೆ ಹೊಸ ಪದ ಜೋಡಿಸಬೇಕು. ಏಳನ್ನೂ ಒಂದೇ ಸಲ ಇಳಿಸಿದರೆ ಐವತ್ತು ಅಂಕ ಹೆಚ್ಚು. ಕೆಂಪು ಮನೆಯ ಮೇಲೆ ಹಾದುಹೋದ ಪದಕ್ಕೆ ಮೂರು ಪಟ್ಟು ಅಂಕ, ಗುಲಾಬಿ ಮನೆಗೆ ಎರಡು ಪಟ್ಟು. ನೀಲಿ ಮನೆಗಳು ತಮ್ಮ ಮೇಲೆ ಕೂತ ಅಕ್ಷರದ ಬೆಲೆಯನ್ನಷ್ಟೇ ಹೆಚ್ಚಿಸುತ್ತವೆ. ಹೆಚ್ಚಿನವರು ಆ ಮನೆಗಳಿಗೆ ತಾವು ಹೇಗೆ ತಲುಪುವುದು ಎಂದು ಯೋಚಿಸುತ್ತಾರೆ. ಎದುರಿನವರು ತಲುಪದಂತೆ ನೋಡಿಕೊಳ್ಳುವುದು ಹೇಗೆ ಎಂದು ನನಗೆ ಕಲಿಸಿದವರು ಭದ್ರಾವತಿ ಕಾಗದನಗರದ ಒಬ್ಬ ನಿವೃತ್ತ ಫಿಟ್ಟರ್.

ನಾನು ಭದ್ರಾವತಿಯ ಒಂದು ರಕ್ತಪರೀಕ್ಷಾ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮನೆ ಶಿವಮೊಗ್ಗದಲ್ಲಿ, ಬೆಳಿಗ್ಗೆ ಏಳು ಕಾಲಿನ ಬಸ್ಸು. ಆ ಫಿಟ್ಟರ್ ಅಂಕಲ್ ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಬರುತ್ತಿದ್ದರು. ಖಾಲಿ ಹೊಟ್ಟೆಯ ರಕ್ತ ಕೊಟ್ಟು, ಎದುರಿನ ಹೋಟೆಲಿನಲ್ಲಿ ತಿಂಡಿ ತಿಂದು, ಎರಡು ಗಂಟೆ ಕಾದು ಇನ್ನೊಮ್ಮೆ ಕೊಡಬೇಕು. ಉಳಿದವರು ಆ ಎರಡು ಗಂಟೆ ಮೊಬೈಲ್ ನೋಡುತ್ತಾರೆ. ಇವರು ಜೇಬಿನಿಂದ ಅಂಗೈಯಗಲದ ಮಡಚುವ ಸ್ಕ್ರ್ಯಾಬಲ್ ತೆಗೆದು ತಮ್ಮೊಡನೆ ತಾವೇ ಆಡುತ್ತಿದ್ದರು. ನನಗೆ ಕಾಲೇಜಿನಿಂದಲೂ ಆ ಆಟದ ಹುಚ್ಚು. ಮೂರನೆಯ ತಿಂಗಳು ತಡೆಯಲಾರದೆ, ಸೂಜಿ ತೆಗೆದು ಹತ್ತಿ ಒತ್ತುತ್ತಲೇ ಕೇಳಿದೆ.

"ಅಂಕಲ್, ಎರಡು ಕಡೆನೂ ನೀವೇ ಆಡಿದ್ರೆ ಗೆಲ್ಲೋದು ಯಾರು?"

"ಸೋಲೋದು ಯಾರು ಅಂತ ಕೇಳಮ್ಮ. ಅದು ದಿನಾ ನಾನೇ" ಎಂದರು. ಅವರ ಮನೆಮಾತು ತಮಿಳು. ನಲವತ್ತು ವರ್ಷ ಇಲ್ಲಿ ಇದ್ದು ಕನ್ನಡಕ್ಕೂ ಅದರ ಎಳೆತ ಅಂಟಿದೆ. "ಸಾಯಂಕಾಲ ಡ್ಯೂಟಿ ಮುಗ್ಸಿ ಬಾಮ್ಮಾ. ಮನೇಲಿ ದೊಡ್ಡ ಬೋರ್ಡ್ ಇದೆ."

ಹೀಗೆ ಶುರುವಾದ ಬುಧವಾರದ ಆಟಗಳು ಇವತ್ತಿಗೆ ನೂರಾ ನಲವತ್ತೊಂದು. ನಾನು ಗೆದ್ದದ್ದು ಐವತ್ತೆಂಟು, ಸೋತದ್ದು ಎಂಬತ್ತೆರಡು, ಒಂದು ಸಮ. ಅವರಿಗೆ ಉದ್ದದ ಪದಗಳು ಹೆಚ್ಚು ಗೊತ್ತಿಲ್ಲ. ಏಳು ಬಿಲ್ಲೆ ಒಟ್ಟಿಗೆ ಇಳಿಸಿದ್ದನ್ನು ಅಷ್ಟು ಆಟಗಳಲ್ಲಿ ಹದಿನೇಳು ಸಲ ಮಾತ್ರ ನೋಡಿದ್ದೇನೆ. ಆದರೂ ಅವರ ಮುಂದೆ ನನಗೆ ಮುನ್ನೂರೈವತ್ತು ಅಂಕ ದಾಟುವುದೇ ಕಷ್ಟವಾಗುತ್ತಿತ್ತು. ಅವರು ಬಿಲ್ಲೆ ಇಡುವ ಮೊದಲು ಹಾಸಿನ ನಾಲ್ಕೂ ಅಂಚಿನ ಮೇಲೆ ಬೆರಳಾಡಿಸುತ್ತಾರೆ. ಕಾರ್ಖಾನೆಯಲ್ಲಿ ಹಬೆಯ ಪೈಪಿಗೆ ಒತ್ತಡ ಬಿಡುವ ಮೊದಲು ಪ್ರತಿ ಜಾಯಿಂಟನ್ನೂ ಹಾಗೆ ನೋಡುತ್ತಿದ್ದರಂತೆ.

"ಪದ ಆಮೇಲೆ ಹುಡುಕು. ಮೊದ್ಲು ಲೀಕ್ ಎಲ್ಲಿದೆ ನೋಡು" ಎನ್ನುವುದು ಅವರ ಮೊದಲ ಪಾಠ. ಕೆಂಪು ಮನೆಯ ಪಕ್ಕಕ್ಕೆ ಸ್ವರಾಕ್ಷರ ಇಡಬಾರದು. ಇಟ್ಟ ಪದದ ಹಿಂದೆ ಮುಂದೆ ಯಾವ ಅಕ್ಷರ ಅಂಟಿದರೆ ಬೇರೆ ಪದವಾಗುತ್ತದೆ ಎಂದು ಎಣಿಸಬೇಕು. ಎಣಿಕೆ ಸೊನ್ನೆಯಾದರೆ ಅದು ಒಳ್ಳೆಯ ಗೋಡೆ. ವಿ ಅಕ್ಷರವನ್ನು ಎಲ್ಲರೂ ಶನಿ ಎಂದು ಬೈಯುತ್ತಾರೆ, ಅವರು ಮಾತ್ರ ಅದನ್ನು ಕಂಡರೆ ಹಿಗ್ಗುತ್ತಾರೆ. ಎರಡಕ್ಷರದ ಇಂಗ್ಲಿಷ್ ಪದಗಳಲ್ಲಿ ವಿ ಇರುವುದು ಒಂದೂ ಇಲ್ಲ. ಆದ್ದರಿಂದ ಒಂದು ವಿ ಕೂತರೆ ಅದರ ಮೇಲೆ ಕೆಳಗೆ ಯಾರೂ ಸಣ್ಣ ಪದ ಒತ್ತರಿಸಿ ನುಗ್ಗಿಸಲಾಗದು. ಇದನ್ನು ನಾನು ಬಲ್ಲ ಎಷ್ಟೋ ಚತುರ ಆಟಗಾರರು ಗಮನಿಸಿಯೇ ಇರಲಿಲ್ಲ.

ಇಪ್ಪತ್ತಮೂರನೆಯ ಆಟದಲ್ಲಿ ಈ ಪಾಠವನ್ನು ಅತಿ ಮಾಡಿದೆ. ನಲವತ್ತು ಅಂಕ ಹಿಂದಿದ್ದರೂ ಕಂಡ ದಾರಿಯನ್ನೆಲ್ಲ ಮುಚ್ಚುತ್ತಾ ಹೋದೆ. ಕೊನೆಗೆ ನನ್ನ ಕೈಗೇ ಏಳಕ್ಷರದ ಚೆಂದದ ಪದ ಬಂತು, ಇಡಲು ಹಾಸಿನಲ್ಲಿ ಒಂದು ಸಾಲೂ ಉಳಿದಿರಲಿಲ್ಲ.

ಅಂಕಲ್ ಹೊಟ್ಟೆ ಹಿಡಿದು ನಕ್ಕರು. "ನಿನ್ ಪೈಪೂ ನೀನೇ ಬಂದ್ ಮಾಡ್ಕೊಂಡ್ಯಲ್ಲಮ್ಮ! ಮುಂದಿದ್ರೆ ಮುಚ್ಬೇಕು. ಹಿಂದಿದ್ರೆ ಯಾಕ್ ಮುಚ್ತೀಯಾ?"

ಕಾಫಿ ತಂದ ಅವರ ಹೆಂಡತಿ, "ಮೂವತ್ತು ವರ್ಷದಿಂದ ನನ್ ಬಾಯಿ ಮುಚ್ಸಿ ಅಭ್ಯಾಸ ಆಗಿದೆ ಇವ್ರಿಗೆ. ನೀನ್ ಕಲೀಬೇಡಮ್ಮ" ಎಂದು ಲೋಟ ಇಟ್ಟು ಹೋದರು.

ಅವರ ಮನೆಯ ಆಟದಲ್ಲಿ ಒಂದು ವಿಶೇಷವಿತ್ತು, ಅದೇ ನನಗೆ ಮುಂದೆ ಮುಳುವಾಯಿತು. ಅಂಕಲ್ ಒಂದು ಹಳೆಯ ಬೇರಿಂಗ್ ತಂದು, ಅದರ ಮೇಲೆ ಪ್ಲೈವುಡ್ ಕೂರಿಸಿ, ಹಾಸನ್ನು ತಿರುಗುವ ಹಾಗೆ ಮಾಡಿದ್ದರು. ಯಾರ ಸರದಿಯೋ ಅವರ ಕಡೆಗೆ ಹಾಸು ತಿರುಗುತ್ತದೆ. ಆಡುವವರಿಗೆ ಎಲ್ಲವೂ ನೆಟ್ಟಗೆ ಕಾಣುತ್ತದೆ. ನಾನು ಕಲಿತದ್ದೆಲ್ಲ ಆ ಹಲಗೆಯ ಮೇಲೆ. ಗಾಂಧಿ ಬಜಾರಿನ ಕ್ಲಬ್ಬಿನಲ್ಲಿ ಹಾಸು ತಿರುಗುವುದಿಲ್ಲ. ಮೇಜಿನ ಮೇಲೆ ಒಂದೇ ದಿಕ್ಕಿಗೆ ಇರುತ್ತದೆ. ಟಾಸ್ ಸೋತವರು ಆಟವಿಡೀ ತಲೆಕೆಳಗಾಗಿ ಓದಬೇಕು.

ಹಿಂದಿನ ವರ್ಷದ ಕೊನೆಯ ಸುತ್ತಿನಲ್ಲಿ ಟಾಸ್ ಸೋತವಳು ನಾನು. ಆಗಲೂ ಎದುರಿದ್ದದ್ದು ಈ ಬಟ್ಟೆ ಅಂಗಡಿಯ ಅಣ್ಣನೇ. ಇಪ್ಪತ್ತಾರು ಅಂಕ ಮುಂದಿದ್ದೆ. ಅವರ ಬಲ ಅಂಚಿನ ಪಕ್ಕದವರೆಗೆ 'ಗ್ರೇನ್' ಎಂಬ ಪದ ಬಂದು ನಿಂತಿತ್ತು. ಅದಕ್ಕೊಂದು ಎಸ್ ಅಂಟಿಸಿ, ಅಂಚಿನಗುಂಟ ಇನ್ನೊಂದು ಪದ ಇಳಿಸಿದರೆ ನಡು ಅಂಚಿನ ಕೆಂಪು ಮನೆ ಸಿಗುತ್ತದೆ. ಇದು ನನಗೆ ಕಂಡಿತು. ಎಸ್ ಬರುವ ಮನೆಗೆ ನಾನೇ ವೈ ಇಟ್ಟು 'ಗ್ರೇನಿ' ಮಾಡಿದೆ. ಒಂದೇ ಬಿಲ್ಲೆ, ಹತ್ತು ಅಂಕ, ಬಾಗಿಲು ಬಂದ್ ಎಂದು ಬೀಗಿದೆ.

ವೈಯಿಂದ ಮೂರು ಮನೆ ಆಚೆ ಕೆಂಪು ಇದ್ದದ್ದು ನನಗೆ ಗೊತ್ತಿತ್ತು. ಇನ್ನೊಂದು ಬದಿಯಲ್ಲಿ, ಮೂಲೆಯ ಕಡೆ, ಬೇರೆ ಪದವೊಂದು ಅಡ್ಡ ಕೂತಿತ್ತು. ಕೆಂಪು ಮನೆ ನನ್ನ ಹತ್ತಿರದ ಬದಿಯಲ್ಲಿ ಇದ್ದದ್ದರಿಂದ, ಪದ ಮೇಲಿಂದ ನನ್ನ ಕಡೆಗೆ ಇಳಿಯುತ್ತದೆ, ಅಂದರೆ ವೈಯಿಂದ ಶುರುವಾಗಬೇಕು ಎಂದುಕೊಂಡೆ. ತಿರುಗುವ ಹಲಗೆಯ ಮೇಲೆ ಯಾವಾಗಲೂ ಹಾಗೆಯೇ. ಉಳಿದಿರುವ ಬಿಲ್ಲೆಗಳಲ್ಲಿ ವೈಯಿಂದ ಶುರುವಾಗುವ ಪದ ಒಂದೂ ಆಗುತ್ತಿರಲಿಲ್ಲ. ಆದರೆ ಹಾಸು ಅವರ ಕಡೆ ಮುಖ ಮಾಡಿತ್ತು. ನಿಜದಲ್ಲಿ ಪದ ಕೆಂಪು ಮನೆಯಿಂದ ಹೊರಟು ವೈಯಲ್ಲಿ ಮುಗಿಯಬೇಕಿತ್ತು. ವೈಯಲ್ಲಿ ಮುಗಿಯುವ ನಾಲ್ಕಕ್ಷರದ ಪದಗಳು ಇಂಗ್ಲಿಷಿನಲ್ಲಿ ಸಂತೆಯಷ್ಟಿವೆ. ಅಣ್ಣ 'ಹೇಜಿ' ಇಳಿಸಿದರು. ಎಚ್, ಎ, ಜೆಡ್, ಅದರ ಕೆಳಗೆ ನನ್ನದೇ ವೈ. ಹತ್ತೊಂಬತ್ತರ ಮೂರು ಪಟ್ಟು, ಐವತ್ತೇಳು.

"ಬಾಗ್ಲು ಹಾಕ್ದಂಗೆ ಹಾಕಿ ಚಿಲಕ ನನ್ ಕಡೆ ಇಟ್ಟಿದ್ಯಲ್ಲ ತಂಗಿ" ಎಂದರು. ಕೋಣೆಯೆಲ್ಲ ನಕ್ಕಿತು. ಮೂವತ್ತೊಂದು ಅಂಕಕ್ಕೆ ಸೋತೆ.

ಮುಂದಿನ ಬುಧವಾರ ಇದನ್ನು ಹೇಳಿದಾಗ ಅಂಕಲ್ ಎದ್ದು ಹೋದರು. ಒಳಗಿಂದ ಸ್ಕ್ರೂ ಡ್ರೈವರ್ ತಂದು, ಹಲಗೆಯ ಬದಿಗೆ ಒಂದು ಸ್ಕ್ರೂ ಹಾಕಿ ಬೇರಿಂಗ್ ತಿರುಗದಂತೆ ಬಿಗಿದರು. "ಇನ್ಮೇಲೆ ನೀನು ಆ ಕಡೆ ಕೂತ್ಕೋ. ತಪ್ಪು ನಿಂದಲ್ಲ, ನನ್ ಮೆಷಿನ್‌ದು" ಎಂದರು. ಅಂದಿನಿಂದ ನಾನು ಆಡಿದ ನಲವತ್ತಾರು ಆಟಗಳೂ ತಲೆಕೆಳಗು. ಮೊದಲ ಹತ್ತರಲ್ಲಿ ಎರಡೇ ಗೆಲುವು. ಕೊನೆಯ ಹತ್ತರಲ್ಲಿ ಏಳು. ಈ ಲೆಕ್ಕ ನೋಡಿಯೇ ಈ ಸಲ ನನ್ನ ಹೆಸರು ಕೊಟ್ಟೆ.

ಈಗ ಫೆಬ್ರವರಿ ಹನ್ನೊಂದಕ್ಕೆ ಬರುತ್ತೇನೆ. ಟಾಸ್ ಮತ್ತೆ ಸೋತೆ. ಹಾಸು ಅಣ್ಣನ ಕಡೆಗೆ ಮುಖ ಮಾಡಿ ಕೂತಿತು. ನನಗೇನೂ ಅನ್ನಿಸಲಿಲ್ಲ.

ಅಣ್ಣನ ಆಟ ಕಣ್ಣಿಗೆ ಹಬ್ಬ. ಜವಳಿ ಬಿಚ್ಚಿ ಹರಡುವವರ ಹಾಗೆ ಪದಗಳನ್ನು ಹರಡುತ್ತಾರೆ. ಮೂರನೆಯ ಸರದಿಗೇ ಏಳು ಬಿಲ್ಲೆ ಇಳಿಸಿ ಎಪ್ಪತ್ತಾರು ಅಂಕ ಬಾಚಿದರು. ಅವರಿಗೆ ಬೇಕಾದದ್ದು ಉದ್ದನೆಯ ಖಾಲಿ ಸಾಲುಗಳು. ನಾನು ಹಿಂದಿದ್ದುದರಿಂದ ಎಲ್ಲವನ್ನೂ ಮುಚ್ಚುವಂತಿರಲಿಲ್ಲ. ನನಗೂ ಜಾಗ ಬೇಕು. ಆದ್ದರಿಂದ ಎರಡು ಸಾಲು ಮುಚ್ಚಿ, ಒಂದನ್ನು ನನ್ನ ಅಕ್ಷರಗಳಿಗೆ ಒಪ್ಪುವ ಹಾಗೆ ಬಿಟ್ಟೆ. ಎಂಟನೆಯ ಸರದಿಯಲ್ಲಿ ಅವರು ಮೂರು ಸಲ ಬಿಲ್ಲೆಗಳನ್ನು ಜೋಡಿಸಿ, ತೆಗೆದು, ತುಟಿ ಕಚ್ಚಿ, ಹನ್ನೆರಡು ಅಂಕದ ಪದ ಇಟ್ಟರು. ಕೈಯಲ್ಲಿ ದೊಡ್ಡದೇನೋ ಇತ್ತು, ಇಡಲು ಜಾಗ ಸಿಗಲಿಲ್ಲ ಎಂದು ಅವರ ಮುಖವೇ ಹೇಳಿತು.

"ಥೂ, ಎಲ್ಲಿ ಹೋದ್ರೂ ನಿಂದೇ ಕಾಂಪೌಂಡು" ಎಂದು ಗೊಣಗಿದರು.

ಚೀಲ ಖಾಲಿಯಾದಾಗ ಅವರಿಗೆ ಮುನ್ನೂರ ಎಪ್ಪತ್ತೆರಡು, ನನಗೆ ಮುನ್ನೂರ ನಲವತ್ತೆರಡು. ಅವರ ಕೊನೆಯ ಪದ ನಿಘಂಟಿನಲ್ಲಿಲ್ಲವೆಂದು ವಾಪಸಾಗಿ, ಸರದಿ ಮತ್ತೆ ನನ್ನದು. ಗಡಿಯಾರದಲ್ಲಿ ನನ್ನ ಪಾಲಿಗೆ ನಾಲ್ಕು ನಿಮಿಷ ಉಳಿದಿತ್ತು.

ನನ್ನ ಪಕ್ಕದಲ್ಲಿ ಒಂದು ಹಾಳೆ ಇರುತ್ತದೆ. ಅದರಲ್ಲಿ ನೂರೂ ಬಿಲ್ಲೆಗಳ ಪಟ್ಟಿ. ಹಾಸಿನ ಮೇಲೆ ಬಿದ್ದದ್ದನ್ನು ಹೊಡೆಯುತ್ತಾ ಹೋಗುತ್ತೇನೆ. ಇದಕ್ಕೆ ನಿಯಮದಲ್ಲಿ ಅನುಮತಿ ಇದೆ. ಅಣ್ಣ ಇದನ್ನು ಮಾಡುವುದಿಲ್ಲ. ಅದು ಗುಮಾಸ್ತರ ಕೆಲಸ ಎನ್ನುತ್ತಾರೆ. ಚೀಲ ಖಾಲಿಯಾದ ಮೇಲೆ ಹೊಡೆಯದೆ ಉಳಿದ ಅಕ್ಷರಗಳಲ್ಲಿ ನನ್ನವನ್ನು ಕಳೆದರೆ ಉಳಿಯುವುದು ಎದುರಾಳಿಯ ಕೈ. ನನ್ನ ಹತ್ತಿರ ಆರು ಬಿಲ್ಲೆ, ವಿ, ಎ, ಟಿ, ಎಫ್, ಎಲ್, ವೈ. ಅವರ ಹತ್ತಿರ ಏಳು, ಕ್ಯೂ, ಇ, ಆರ್, ಓ, ಎನ್, ಡಿ, ಜಿ.

ಹಾಸಿನ ಮೇಲೆ ಬೆಲೆಬಾಳುವ ಜಾಗಗಳು ಮೂರು ಉಳಿದಿದ್ದವು. ಬೆರಳು ಎತ್ತದೆ ಕಣ್ಣಲ್ಲೇ ನಾಲ್ಕೂ ಅಂಚು ಸುತ್ತಿದೆ.

ಒಂದು, ಅವರ ಬಲ ಅಂಚಿನ ನಡುವಿನ ಕೆಂಪು ಮನೆ. ಅದರ ಎರಡು ಮನೆ ಕೆಳಗಿನ ಸಾಲಿನಲ್ಲಿ 'ಸ್ಯಾಂಡ್' ಎಂಬ ಪದ ಅಂಚಿನ ಪಕ್ಕದವರೆಗೆ ಬಂದಿತ್ತು, ಅದರ ಎ ಬೆಲೆಯಿಲ್ಲದ ಖಾಲಿ ಬಿಲ್ಲೆ. ನಾನು ಕೆಂಪು ಮನೆಯಿಂದ 'ಫ್ಲೈ' ಇಳಿಸಿದರೆ ವೈ ಹೋಗಿ 'ಸ್ಯಾಂಡ್'ಗೆ ಅಂಟಿ 'ಸ್ಯಾಂಡಿ' ಆಗುತ್ತದೆ. 'ಫ್ಲೈ'ಗೆ ಒಂಬತ್ತರ ಮೂರು ಪಟ್ಟು ಇಪ್ಪತ್ತೇಳು, 'ಸ್ಯಾಂಡಿ'ಗೆ ಎಂಟು, ಒಟ್ಟು ಮೂವತ್ತೈದು. ಅಲ್ಲಿ ಅಂಟುವುದು ವೈ ಅಥವಾ ಎಸ್. ಎಸ್‌ಗಳು ನಾಲ್ಕೂ ಬಿದ್ದಾಗಿತ್ತು, ವೈ ನನ್ನ ಕೈಯಲ್ಲಿತ್ತು.

ಎರಡು, ಅವರ ಎಡ ಕೆಳಮೂಲೆಯ ಕೆಂಪು ಮನೆ. ಅಲ್ಲಿ ಕೊನೆಯ ಸಾಲಿನ ಮೇಲೆ 'ಬಾತ್' ಎಂಬ ಪದ ನಿಂತಿತ್ತು. ಅದರ ಕೆಳಗೆ ಇ ಇಟ್ಟರೆ 'ಬೇದ್' ಆಗುತ್ತದೆ. ನನ್ನ ಹತ್ತಿರ ಇ ಇಲ್ಲ. ಅವರು ಮೂಲೆಯಿಂದ 'ಡ್ರೋನ್' ಜೋಡಿಸಿದರೆ ಎರಡೂ ಪದ ಸೇರಿ ಮೂವತ್ತೊಂದು. ಇದನ್ನು ತಡೆಯಲು ನನ್ನ ಹತ್ತಿರ ಏನೂ ಇರಲಿಲ್ಲ.

ಮೂರು, ಮೇಲ್ಗಡೆಯ ಒಂದು ಗುಲಾಬಿ ಮನೆ. ಅದರ ಕೆಳಗೆ 'ಇಂಟು' ಎಂಬ ಪದದ ಮೊದಲ ಅಕ್ಷರ, ಐ. ಈ ಆಟದ ನಿಘಂಟಿನಲ್ಲಿ ಕ್ಯೂ ಮತ್ತು ಐ ಸೇರಿ ಎರಡಕ್ಷರದ ಪದವೊಂದಿದೆ. ಅಣ್ಣ ಗುಲಾಬಿ ಮನೆಯಲ್ಲಿ ಕ್ಯೂ ಇಟ್ಟರೆ ಹನ್ನೊಂದರ ಎರಡು ಪಟ್ಟು, ಇಪ್ಪತ್ತೆರಡು. ಉಳಿದ ಐಗಳೆಲ್ಲ ಬೇರೆ ಪದಗಳ ನಡುವೆ ಸಿಕ್ಕಿಕೊಂಡಿದ್ದವು, ಯು ಅಕ್ಷರಗಳೂ ಅಷ್ಟೆ. ಕ್ಯೂಗೆ ಇದೊಂದೇ ಬಾಗಿಲು.

ಮೂವತ್ತು ಅಂಕ ಹಿಂದಿರುವವಳಿಗೆ ಮೂವತ್ತೈದು ಅಂಕದ ಜಾಗ ಕೈಬೀಸಿ ಕರೆಯುತ್ತದೆ. ನಾನೂ ಎಫ್ ಬಿಲ್ಲೆಯನ್ನು ಮುಟ್ಟಿದ್ದು ನಿಜ. ಆಮೇಲೆ ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದೆ. 'ಫ್ಲೈ' ಮೊದಲು ಇಟ್ಟರೆ ಐದು ಅಂಕ ಮುಂದಾಗುತ್ತೇನೆ. ಅವರು ಕ್ಯೂ ಇಟ್ಟು ಇಪ್ಪತ್ತೆರಡು ತೆಗೆದುಕೊಳ್ಳುತ್ತಾರೆ. ನನ್ನ ಕೈಯಲ್ಲಿ ವಿ, ಎ, ಟಿ. 'ವ್ಯಾಟ್' ಎಂದು ಇಡಲು ಜಾಗವಿರುವುದು ಆ ಗುಲಾಬಿ ಮನೆಯ ಸಾಲಿನಲ್ಲಿ ಮಾತ್ರ, ಅದನ್ನು ಆಗಲೇ ಕ್ಯೂ ತಿಂದಿರುತ್ತದೆ. ಎ ಮತ್ತು ಟಿ ಎಲ್ಲೋ ಹಾಕಿ ನಾಲ್ಕು ಅಂಕ ತೆಗೆದೇನು, ವಿ ಕೈಯಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಅವರು 'ಡ್ರೋನ್' ಇಟ್ಟು, ಜಿಯನ್ನೂ ಮೂರು ಅಂಕಕ್ಕೆ ಎಲ್ಲಾದರೂ ತುರುಕಿ ಮೊದಲು ಕೈ ಖಾಲಿ ಮಾಡುತ್ತಾರೆ. ಮೊದಲು ಮುಗಿಸಿದವರಿಗೆ ಎದುರಾಳಿಯ ಕೈಯಲ್ಲಿ ಉಳಿದ ಬಿಲ್ಲೆಗಳ ಬೆಲೆಯ ಎರಡರಷ್ಟು ಸಿಗುತ್ತದೆ. ಐವತ್ತೈದು ಅಂಕಕ್ಕೆ ಸೋಲು.

'ಫ್ಲೈ' ಜಾಗಕ್ಕೆ ವೈ ಬೇಕು, ಅದು ನನ್ನ ಹತ್ತಿರ ಇದೆ, ಅದು ಕಾಯಬಹುದು. ಮೂಲೆಗೆ ಇ ಬೇಕು, ಅದು ಅವರ ಹತ್ತಿರ ಇದೆ, ತಡೆಯಲಾಗದು. ಗುಲಾಬಿ ಮನೆ ಮಾತ್ರ ಇಬ್ಬರಿಗೂ ಬೇಕಾದದ್ದು. ಇಬ್ಬರಿಗೂ ಬೇಕಾದದ್ದನ್ನು ಮೊದಲು ಹಿಡಿಯಬೇಕು.

'ವ್ಯಾಟ್' ಇಟ್ಟೆ. ಟಿ ಗುಲಾಬಿ ಮನೆಯ ಮೇಲೆ, ಐ ಅಕ್ಷರದ ನೆತ್ತಿಗೆ ಸರಿಯಾಗಿ ಕೂತಿತು. ಅಡ್ಡಕ್ಕೆ 'ವ್ಯಾಟ್' ಆರರ ಎರಡು ಪಟ್ಟು ಹನ್ನೆರಡು, ಉದ್ದಕ್ಕೆ ಟಿ, ಐ ಸೇರಿದ 'ಟೀ' ಎರಡರ ಎರಡು ಪಟ್ಟು ನಾಲ್ಕು. ಹದಿನಾರು.

"ಹದಿನಾರಾ?" ಅಣ್ಣ ಕಣ್ಣರಳಿಸಿದರು. "ಮೂವತ್ತು ಹಿಂದಿದ್ಕೊಂಡು ಹದಿನಾರು ಅಂಕಕ್ಕೆ ಯಾರಾದ್ರೂ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಅವರ ಬೆರಳು ಕ್ಯೂ ಬಿಲ್ಲೆಯ ಮೇಲಿತ್ತು. ಆ ಬೆರಳು ನಿಧಾನವಾಗಿ ಹಿಂದಕ್ಕೆ ಸರಿದದ್ದನ್ನು ನಾನು ನೋಡಿದೆ. ಆಮೇಲೆ ಮೂಲೆ ಕಂಡಿತು, ಮುಖ ಅರಳಿತು. 'ಡ್ರೋನ್' ಇಟ್ಟರು.

"ತಗೋ, ಮೂವತ್ತೊಂದು! ನಾನೂರ ಮೂರು. ಸಾಕಾ ಮಾರಾಯ್ತಿ?"

"ಸಾಕಣ್ಣ" ಎಂದು 'ಫ್ಲೈ' ಇಳಿಸಿದೆ. ಮುನ್ನೂರ ಐವತ್ತೆಂಟಕ್ಕೆ ಮೂವತ್ತೈದು ಸೇರಿ ಮುನ್ನೂರ ತೊಂಬತ್ತಮೂರು. ನನ್ನ ಕೈ ಖಾಲಿ. ಅವರ ಕೈಯಲ್ಲಿ ಕ್ಯೂ ಮತ್ತು ಜಿ. ಹತ್ತು, ಎರಡು, ಹನ್ನೆರಡು, ಅದರ ಎರಡರಷ್ಟು ಇಪ್ಪತ್ತನಾಲ್ಕು. ನಾನೂರ ಹದಿನೇಳು.

ಸ್ಪರ್ಧೆ ನಡೆಸುತ್ತಿದ್ದ ನಿವೃತ್ತ ಲೆಕ್ಚರರ್ ಎರಡು ಸಲ ಕೂಡಿದರು. ನಾಲ್ಕು ಗಂಟೆ ಎರಡು ನಿಮಿಷಕ್ಕೆ ಹದಿನಾಲ್ಕು ಅಂಕದ ಗೆಲುವು ಎಂದು ಬರೆದು ಇಬ್ಬರ ಸಹಿ ತೆಗೆದುಕೊಂಡರು.

ಅಣ್ಣ ಕ್ಯೂ ಬಿಲ್ಲೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಇದನ್ನ ಮಾರೋಕೇ ಬಿಡ್ಲಿಲ್ವಲ್ಲ ನೀನು. ಡೆಡ್ ಸ್ಟಾಕ್ ಮಾಡ್ಬಿಟ್ಟೆ" ಎಂದು ಚೀಲಕ್ಕೆ ಹಾಕಿದರು. ಆಮೇಲೆ ಕೈ ಕುಲುಕಿ, "ಮೈಸೂರಲ್ಲಿ ನನ್ನಂಥೋರು ಸಿಗಲ್ಲ. ಅಲ್ಲಿ ಎಲ್ರೂ ನಿನ್ನಂಥೋರೇ. ಹುಷಾರು" ಎಂದರು. ಅದನ್ನು ಅವರು ತಮಾಷೆಗೆ ಹೇಳಿದ್ದರೋ ಏನೋ, ಬುಧವಾರ ಅದೇ ನಿಜವಾಯಿತು.

ಹದಿನಾಲ್ಕನೆಯ ತಾರೀಕು ಸಂಜೆ ಐದು ಮುಕ್ಕಾಲಿಗೆ ಕಾಗದನಗರದಲ್ಲಿ ಡೈರಿ ನೋಡಿಕೊಂಡು ಆ ಕೊನೆಯ ಸ್ಥಿತಿಯನ್ನು ಹಾಸಿನ ಮೇಲೆ ಜೋಡಿಸಿದೆ. ಅಂಕಲ್ 'ವ್ಯಾಟ್' ನೋಡಿ ತಲೆದೂಗಿದರು. "ಸೂಪರ್ ಮ್ಮಾ. ವಾಲ್ವ್ ಸರಿಯಾದ್ ಜಾಗಕ್ಕೇ ಹಾಕಿದೀಯಾ." ನನಗೆ ಎದೆಯುಬ್ಬಿತು. ಅವರು ಮಾತ್ರ ಬೆರಳಾಡಿಸುವುದನ್ನು ನಿಲ್ಲಿಸಲಿಲ್ಲ. ಬಲ ಅಂಚಿನ ನಡುವೆ, ನನ್ನ 'ಫ್ಲೈ' ಜಾಗದ ಹತ್ತಿರ ಬಂದು ನಿಂತರು.

"ಇದು ನಿಂಗೊಬ್ಳಿಗೇ ಅಂದ್ಕೊಂಡ್ಯಾ?"

"ಹೌದು ಅಂಕಲ್. ವೈ ಇಲ್ದೆ ಅಲ್ಲಿಗೆ ಬರೋಕಾಗಲ್ಲ."

"ಕೆಳಗಿಂದ ಬರೋಕಾಗಲ್ಲ. ಮೇಲಿಂದ?"

ಕೆಂಪು ಮನೆಗೆ ಸರಿಯಾಗಿ ಒಂದು ಸಾಲು ಮೇಲೆ 'ಬಾರ್ಜ್' ಎಂಬ ಪದ ಇತ್ತು. ಅದೂ ಅಂಚಿನ ಪಕ್ಕದವರೆಗೆ ಬಂದು ನಿಂತಿತ್ತು. ಅಂಕಲ್ ಅದರ ಕೊನೆಗೆ ಡಿ ಇಟ್ಟು 'ಬಾರ್ಜ್ಡ್' ಮಾಡಿ, ಆ ಡಿಯಿಂದ ಕೆಳಕ್ಕೆ ಓ ಮತ್ತು ಇ ಇಟ್ಟರು. ಹೆಣ್ಣು ಜಿಂಕೆ ಎಂಬರ್ಥದ 'ಡೋ'. ಓ ಕೂತದ್ದು ಕೆಂಪು ಮನೆಯ ಮೇಲೆ. ನಾಲ್ಕರ ಮೂರು ಪಟ್ಟು ಹನ್ನೆರಡು, 'ಬಾರ್ಜ್ಡ್'ಗೆ ಹತ್ತು, ಒಟ್ಟು ಇಪ್ಪತ್ತೆರಡು. 'ಡ್ರೋನ್'ಗಿಂತ ಒಂಬತ್ತು ಕಡಿಮೆ, ಆದರೆ ನನ್ನ ಮೂವತ್ತೈದು ಅಂಕದ ಜಾಗ ನಾಪತ್ತೆ.

ಡೈರಿಯನ್ನು ಮತ್ತೆ ನೋಡಿದೆ. 'ಬಾರ್ಜ್' ನನ್ನ ಡೈರಿಯಲ್ಲೇ ಇತ್ತು. ಆ ದಿನ ನಾಲ್ಕೂ ಅಂಚು ಸುತ್ತಿದಾಗ ಅದರ ಮೇಲೆ ಕಣ್ಣು ಹಾದಿತ್ತು ಕೂಡ. ನಾನು ತಡೆಯುವವಳು, ಅವರು ಹರಡುವವರು ಎಂದು ತೀರ್ಮಾನಿಸಿದ್ದೆ. ಅವರೂ ನನ್ನನ್ನು ತಡೆಯಬಹುದು ಎಂದು ಎಣಿಸಿರಲೇ ಇಲ್ಲ. ಅಣ್ಣನಿಗೂ ಅದು ಹೊಳೆಯಲಿಲ್ಲ, ಅದರಿಂದ ಸೀಟು ಉಳಿಯಿತು.

"ಬೇಜಾರ್ ಮಾಡ್ಕೋಬೇಡಮ್ಮ" ಎಂದರು ಅಂಕಲ್. "ಗೆದ್ದಿದ್ದು ಗೆದ್ದಿದ್ದೇ. ಆದ್ರೆ ಮೈಸೂರಲ್ಲಿ ಇದನ್ನ ನೋಡೋನು ಎದುರಿಗೆ ಕೂತಿರ್ತಾನೆ."

ಬೇಜಾರಾಗಲಿಲ್ಲ. ಅಲ್ಲೇ ಕೂತು ಅಲ್ಲಿಂದ ಮುಂದಕ್ಕೆ ಆಡಿದೆವು. ಅವರು ಅಣ್ಣನ ಬಿಲ್ಲೆ, ನಾನು ನನ್ನವು. 'ಡೋ' ಇಟ್ಟ ಮೇಲೆ ಅವರ ಕೈಯಲ್ಲಿ ಕ್ಯೂ, ಆರ್, ಎನ್, ಜಿ ಉಳಿಯುತ್ತವೆ. ಇ ಖರ್ಚಾದ್ದರಿಂದ ಮೂಲೆಯ 'ಡ್ರೋನ್' ಕೂಡ ಹೋಯಿತು. ನನಗೆ ಎಫ್, ಎಲ್, ವೈಗಳನ್ನು ಬೇರೆಡೆ ಇಳಿಸಿ, ಅವರಿಗಿಂತ ಮೊದಲು ಮುಗಿಸಬೇಕು. ಎರಡು ಬುಧವಾರಗಳಲ್ಲಿ ಏಳು ಸಲ ಆಡಿದೆವು. ನಾಲ್ಕು ಸಲ ನಾನು ಗೆದ್ದೆ, ಮೂರು ಸಲ ಅವರು. ಅತಿ ದೊಡ್ಡ ಅಂತರ ಒಂಬತ್ತು ಅಂಕ, ಅತಿ ಚಿಕ್ಕದು ಒಂದು. ಕೈಯಲ್ಲಿರುವ ಬಿಲ್ಲೆಗಳೆಲ್ಲ ಇಬ್ಬರಿಗೂ ಗೊತ್ತಿರುವ ಆಟಕ್ಕೆ ಒಂದು ಖಚಿತ ಉತ್ತರ ಇರಲೇಬೇಕು. ನಮಗದು ಸಿಕ್ಕಿಲ್ಲ.

ಮೈಸೂರಿಗೆ ಟಿಕೆಟ್ ಮಾಡಿಸಿದ್ದೇನೆ, ಲ್ಯಾಬಿನಲ್ಲಿ ಎರಡು ದಿನದ ರಜೆಯೂ ಸಿಕ್ಕಿದೆ. ಗೆಲ್ಲಲೆಂದೇ ಹೋಗುತ್ತಿದ್ದೇನೆ. ಹೋಗುವ ಮೊದಲು ಇದೊಂದು ತಿಳಿಯಬೇಕು. 'ವ್ಯಾಟ್' ಇಡುವ ಬದಲು ಗುಲಾಬಿ ಮನೆಯನ್ನೂ ಅಂಚಿನ ಕೆಂಪು ಮನೆಯನ್ನೂ ಒಟ್ಟಿಗೆ ಕಾಯುವ ದಾರಿ ಬೇರೆ ಇತ್ತೇ? ಇಲ್ಲದಿದ್ದರೆ, 'ಡೋ' ಬಿದ್ದ ಮೇಲೆ ನನ್ನ ಸರಿಯಾದ ಉತ್ತರ ಯಾವುದು? ಇಬ್ಬರ ಬಿಲ್ಲೆಗಳು, ಅಂಕಗಳು, ಮುಖ್ಯ ಜಾಗಗಳು ಮೇಲೆ ಇವೆ. ಹಾಸಿನ ಪೂರ್ತಿ ನಕ್ಷೆ ನನ್ನ ಡೈರಿಯಲ್ಲಿದೆ, ಕೇಳಿದವರಿಗೆ ನಕಲು ಮಾಡಿ ಕಳಿಸುತ್ತೇನೆ. ಈ ಆಟದ ಕೊನೆಯ ಹಂತವನ್ನು ನನಗಿಂತ ಚೆನ್ನಾಗಿ ಬಲ್ಲವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ನಾನು ತಪ್ಪಿದ್ದೇನೆ ಎಂದಾದರೆ ಯಾವ ಸರದಿಯಲ್ಲಿ ಎಂದು ಬರೆದರೆ ಇನ್ನೂ ಉಪಕಾರ.